ಮೊದಲನೆಯ ಮಹಾಯುದ್ಧದ ಪಾಠಕ್ಕೆ ಕಾಲರೇಖೆಯ ಹಾಳೆ: ರಚನೆಯ ಕ್ರಮ

ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಇತಿಹಾಸ ಪುಸ್ತಕಗಳಲ್ಲಿ ಮೊದಲನೆಯ ಮಹಾಯುದ್ಧದ ಅಧ್ಯಾಯವು ಸಾಮಾನ್ಯವಾಗಿ ಕಾಲಕ್ರಮದಲ್ಲಿ ಸಾಗುವುದಿಲ್ಲ. ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ, ಸೈನಿಕ ಪೈಪೋಟಿ, ಮೈತ್ರಿಕೂಟಗಳು, ತಕ್ಷಣದ ಕಾರಣ ಎಂಬ ತಲೆಬರಹಗಳ ಕೆಳಗೆ ಕಾರಣಗಳನ್ನೂ, ರಾಜಕೀಯ, ಆರ್ಥಿಕ, ಸಾಮಾಜಿಕ ಎಂಬ ತಲೆಬರಹಗಳ ಕೆಳಗೆ ಪರಿಣಾಮಗಳನ್ನೂ ಅದು ವಿಂಗಡಿಸಿ ಕೊಡುತ್ತದೆ. ವಿಷಯವನ್ನು ವಿವರಿಸಲು ಈ ವಿಂಗಡಣೆ ಅನುಕೂಲವಾದರೂ ಓದುವವರ ಮನಸ್ಸಿನಲ್ಲಿ ಕಾಲದ ಅಂತರವನ್ನು ಅಳಿಸಿಹಾಕುತ್ತದೆ. 1882ರ ತ್ರಿರಾಷ್ಟ್ರ ಮೈತ್ರಿಕೂಟವೂ ಅದಕ್ಕೆ ಎದುರಾಗಿ ನಿಂತ 1907ರ ತ್ರಿರಾಷ್ಟ್ರ ಸೌಹಾರ್ದಕೂಟವೂ ಒಂದೇ ವಾಕ್ಯವೃಂದದಲ್ಲಿ ಅಕ್ಕಪಕ್ಕ ಬರುವುದರಿಂದ, ಎರಡೂ ಒಂದೇ ಸಮಯದಲ್ಲಿ ಹುಟ್ಟಿದವೆಂಬ ಭಾವನೆ ಮೂಡಿ, ನಡುವಿನ 25 ವರ್ಷಗಳಲ್ಲಿ ಯೂರೋಪಿನ ರಾಜತಂತ್ರ ಹೇಗೆ ಬದಲಾಯಿತೆಂಬ ಪ್ರಶ್ನೆಯೇ ಏಳದೆ ಹೋಗುತ್ತದೆ.

ಘಟನೆಗಳನ್ನು ಅವು ನಡೆದ ಕಾಲಕ್ಕೆ ತಕ್ಕ ಅಂತರದಲ್ಲಿ ಒಂದು ಗೆರೆಯ ಉದ್ದಕ್ಕೆ ಗುರುತಿಸುವ ಚಿತ್ರವನ್ನು ಕಾಲರೇಖೆ ಎನ್ನುತ್ತಾರೆ. ಅದನ್ನು ಒಂದೇ ಹಾಳೆಯಲ್ಲಿ ಅಡಕಗೊಳಿಸಿ, ಘಟನೆಗಳ ನಡುವಿನ ಸಂಬಂಧವನ್ನೂ ಬರೆದಿಟ್ಟುಕೊಂಡರೆ ಅದು ಅಧ್ಯಯನದ ಹಾಳೆಯಾಗುತ್ತದೆ. ಇಲ್ಲಿ ಎರಡು ಕೆಲಸಗಳಿವೆ: ಕಳೆದುಹೋದ ಕಾಲದ ಅಂತರವನ್ನು ಮರಳಿ ಕಾಣಿಸುವುದು ಮೊದಲನೆಯದು, ಒಂದು ಘಟನೆ ಇನ್ನೊಂದಕ್ಕೆ ಏಕೆ ದಾರಿ ಮಾಡಿತೆಂದು ಹೇಳುವುದು ಎರಡನೆಯದು. ಇಸವಿಗಳ ಪಟ್ಟಿಯಿಂದ ಈ ಎರಡೂ ಆಗುವುದಿಲ್ಲ. ಮೊದಲನೆಯದಕ್ಕೆ ಅಳತೆ ಬೇಕು, ಎರಡನೆಯದಕ್ಕೆ ಕಾರಣವನ್ನು ಬರೆದ ಬಾಣದ ಗುರುತು ಬೇಕು.

ಅಧ್ಯಾಯವನ್ನು ಬಿಡಿಸಿಕೊಳ್ಳುವುದು

ಹಾಳೆಯ ಮೇಲೆ ಗೆರೆ ಎಳೆಯುವ ಮೊದಲು ಅಧ್ಯಾಯವನ್ನು ಒಮ್ಮೆ ಪೂರ್ತಿಯಾಗಿ ಓದಿ, ಎರಡನೆಯ ಓದಿನಲ್ಲಿ ಪ್ರತಿ ಘಟನೆಯನ್ನೂ ಒಂದೊಂದು ಚಿಕ್ಕ ಚೀಟಿಯ ಮೇಲೆ ಬರೆದುಕೊಳ್ಳಬೇಕು. ಚೀಟಿಯ ಮೇಲ್ಭಾಗದಲ್ಲಿ ಕಾಲವನ್ನೂ ಮಧ್ಯದಲ್ಲಿ ಘಟನೆಯನ್ನೂ ಕೆಳಗೆ ಪುಸ್ತಕವು ಅದನ್ನು ಯಾವ ತಲೆಬರಹದ ಅಡಿಯಲ್ಲಿ ಇಟ್ಟಿದೆ ಎಂಬುದನ್ನೂ ಬರೆದರೆ ಸಾಕು. ಪುಸ್ತಕದಲ್ಲಿ ಇಸವಿಯಿಲ್ಲದೆ ಬರುವ ಸಂಗತಿಗಳಿಗೂ, ಉದಾಹರಣೆಗೆ ನೌಕಾಬಲದ ಪೈಪೋಟಿಗೂ, ಚೀಟಿ ಇರಬೇಕು. ಅಂಥವು ಒಂದು ದಿನ ನಡೆದ ಘಟನೆಗಳಲ್ಲ, ವರ್ಷಗಟ್ಟಲೆ ನಡೆದ ಪ್ರಕ್ರಿಯೆಗಳು. ಆದ್ದರಿಂದ ಅವುಗಳಿಗೆ ಒಂದು ಇಸವಿಯ ಬದಲು ಆರಂಭ ಮತ್ತು ಅಂತ್ಯವೆಂಬ ಎರಡು ಇಸವಿಗಳನ್ನು ಹುಡುಕಿ ಬರೆಯಬೇಕು. ಜರ್ಮನಿಯ ಮೊದಲ ನೌಕಾ ಕಾನೂನು 1898ರಲ್ಲಿ ಬಂದುದರಿಂದ ನೌಕಾ ಪೈಪೋಟಿಯನ್ನು 1898ರಿಂದ 1914ರವರೆಗಿನ ಉದ್ದನೆಯ ಪಟ್ಟೆಯಾಗಿ ಎಳೆದು, ಬ್ರಿಟನ್ನಿನ ಡ್ರೆಡ್‌ನಾಟ್ ಯುದ್ಧನೌಕೆ ನೀರಿಗಿಳಿದ 1906ನ್ನು ಅದರೊಳಗೆ ಒಂದು ಚುಕ್ಕೆಯಾಗಿ ಇಡುವುದು ಸರಿಯಾದ ಕ್ರಮ.

ಚೀಟಿಗಳೆಲ್ಲ ಸಿದ್ಧವಾದ ಮೇಲೆ ಅವುಗಳನ್ನು ನೆಲದ ಮೇಲೆ ಕಾಲಕ್ರಮದಲ್ಲಿ ಜೋಡಿಸಿ, ಯಾವುವು ಹಾಳೆಗೆ ಬರಬೇಕೆಂದು ತೀರ್ಮಾನಿಸಬೇಕು. ಇದಕ್ಕೆ ಒಂದೇ ನಿಯಮ ಸಾಕಾಗುತ್ತದೆ: ಹಿಂದಿನ ಅಥವಾ ಮುಂದಿನ ಯಾವುದಾದರೊಂದು ಚೀಟಿಗೆ ಕಾರಣದ ಸಂಬಂಧ ಹೇಳಲು ಬರದ ಚೀಟಿಯನ್ನು ಹೊರಗಿಡಬೇಕು. ಯುದ್ಧದ ನಡುವಿನ ಹಲವು ಕದನಗಳು ಈ ನಿಯಮದಿಂದ ಹೊರಗುಳಿಯುತ್ತವೆ. ಅವು ಮುಖ್ಯವಲ್ಲವೆಂದು ಇದರ ಅರ್ಥವಲ್ಲ, ಕಾರಣ ಮತ್ತು ಪರಿಣಾಮಗಳ ಪ್ರಶ್ನೆಗೆ ಅವು ನೇರವಾಗಿ ಉತ್ತರ ಕೊಡುವುದಿಲ್ಲವೆಂದಷ್ಟೇ ಅರ್ಥ. ಹೀಗೆ ಆರಿಸಿದ ಮೇಲೆ ಮೂವತ್ತಕ್ಕಿಂತ ಹೆಚ್ಚು ಚೀಟಿಗಳು ಉಳಿದರೆ ಹಾಳೆ ಕಿಕ್ಕಿರಿದು ಓದಲಾಗದಂತಾಗುವುದರಿಂದ ಇನ್ನೊಮ್ಮೆ ಜರಡಿ ಹಿಡಿಯುವುದು ಒಳಿತು.

ಹಾಳೆಗೆ ಅಳತೆ ಹಾಕುವುದು

ಈ ಯುದ್ಧದ ಕಾಲರೇಖೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪೆಂದರೆ ಇಡೀ ಗೆರೆಗೆ ಒಂದೇ ಅಳತೆಯನ್ನು ಇಟ್ಟುಕೊಳ್ಳುವುದು. ಯುದ್ಧದ ಹಿನ್ನೆಲೆ ನಾಲ್ಕು ದಶಕಗಳಿಗೂ ಮಿಕ್ಕಿ ಹರಡಿಕೊಂಡಿದೆ, ಯುದ್ಧ ಹೊತ್ತಿಕೊಂಡ ಬಿಕ್ಕಟ್ಟು ಮಾತ್ರ 37 ದಿನಗಳಲ್ಲಿ ಮುಗಿದಿದೆ, ಪರಿಣಾಮಗಳು ಮತ್ತೆ ಎರಡು ದಶಕಗಳಿಗೆ ಚಾಚಿಕೊಂಡಿವೆ. ವರ್ಷಕ್ಕೆ 3 ಮಿಲಿಮೀಟರಿನಂತೆ ಎಲ್ಲವನ್ನೂ ಎಳೆದರೆ ಆ 37 ದಿನಗಳು ಪೆನ್ಸಿಲಿನ ಮೊನೆಯಷ್ಟು ಜಾಗದಲ್ಲಿ ಅಡಗಿಹೋಗುತ್ತವೆ. ದಿನದ ಅಳತೆಯನ್ನೇ ಎಲ್ಲೆಡೆ ಹಿಡಿದರೆ ಹಾಳೆ ಕೋಣೆಯಿಂದ ಆಚೆಗೆ ಹೋಗುತ್ತದೆ. ಆದ್ದರಿಂದ ಗೆರೆಯನ್ನು ನಾಲ್ಕು ಖಂಡಗಳಾಗಿ ಮುರಿದು, ಪ್ರತಿಯೊಂದಕ್ಕೂ ಬೇರೆ ಅಳತೆ ಕೊಟ್ಟು, ಮುರಿದ ಜಾಗದಲ್ಲಿ ಅಂಕುಡೊಂಕು ಗುರುತು ಹಾಕಬೇಕು. ಈ ಗುರುತು ಇಲ್ಲದಿದ್ದರೆ ನೋಡುವವರು ಅಳತೆ ಬದಲಾದುದನ್ನು ಗಮನಿಸದೆ ಅಂತರವನ್ನು ತಪ್ಪಾಗಿ ಓದುತ್ತಾರೆ.

ಇದಕ್ಕೆ ಎ3 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳುವುದು ಅನುಕೂಲ. ಅದು ಸಿಗದಿದ್ದರೆ ಎರಡು ಎ4 ಹಾಳೆಗಳನ್ನು ಉದ್ದದ ಅಂಚಿಗೆ ಅಂಟಿಸಿದರೂ ಅದೇ ಗಾತ್ರ ಬರುತ್ತದೆ. ಅದರ ಅಗಲ 42 ಸೆಂಟಿಮೀಟರು, ಎರಡೂ ಬದಿಗೆ 2 ಸೆಂಟಿಮೀಟರು ಅಂಚು ಬಿಟ್ಟರೆ 38 ಸೆಂಟಿಮೀಟರು ಉಳಿಯುತ್ತದೆ. ಜನವರಿ 1871ರಿಂದ ಜೂನ್ 1914ರವರೆಗಿನ ಮೊದಲ ಖಂಡಕ್ಕೆ ವರ್ಷಕ್ಕೆ 3 ಮಿಲಿಮೀಟರಿನಂತೆ 13 ಸೆಂಟಿಮೀಟರು, 1914ರ ಜೂನ್ 28ರಿಂದ ಆಗಸ್ಟ್ 4ರವರೆಗಿನ ಎರಡನೆಯ ಖಂಡಕ್ಕೆ ದಿನಕ್ಕೆ 2 ಮಿಲಿಮೀಟರಿನಂತೆ 7.4 ಸೆಂಟಿಮೀಟರು, ಯುದ್ಧ ನಡೆದ 51 ತಿಂಗಳುಗಳಿಗೆ ತಿಂಗಳಿಗೆ 1 ಮಿಲಿಮೀಟರಿನಂತೆ 5.1 ಸೆಂಟಿಮೀಟರು, ನವೆಂಬರ್ 1918ರಿಂದ ಸೆಪ್ಟೆಂಬರ್ 1939ರವರೆಗಿನ ಕೊನೆಯ ಖಂಡಕ್ಕೆ ವರ್ಷಕ್ಕೆ 5 ಮಿಲಿಮೀಟರಿನಂತೆ 10.4 ಸೆಂಟಿಮೀಟರು ಬೇಕಾಗುತ್ತದೆ. ಒಟ್ಟು 35.9 ಸೆಂಟಿಮೀಟರಿನ ಜೊತೆಗೆ ಮೂರು ಅಂಕುಡೊಂಕು ಗುರುತುಗಳಿಗೆ ಅರ್ಧರ್ಧ ಸೆಂಟಿಮೀಟರು ಸೇರಿಸಿದರೂ ಹಾಳೆಯೊಳಗೆ ಎಲ್ಲವೂ ಹಿಡಿಸುತ್ತದೆ.

ಹಾಳೆಯ ಮೇಲ್ಭಾಗದಲ್ಲಿ ಈ ಅಳತೆಯ ಗೆರೆಯನ್ನು ಎಳೆದು, ಅದರ ಕೆಳಗೆ ಸುಮಾರು 5 ಸೆಂಟಿಮೀಟರು ಎತ್ತರದ ನಾಲ್ಕು ಅಡ್ಡಪಟ್ಟಿಗಳನ್ನು ಮಾಡಿಕೊಳ್ಳಬೇಕು. ಯುದ್ಧದ ಮುನ್ನ ಅವು ಮೈತ್ರಿ, ಸೈನ್ಯ, ರಾಷ್ಟ್ರೀಯತೆ, ವಸಾಹತು ಎಂಬ ಹೆಸರುಗಳನ್ನು ಹೊಂದಿರುತ್ತವೆ. ಯುದ್ಧದ ನಂತರದ ಖಂಡದಲ್ಲಿ ಅವೇ ಪಟ್ಟಿಗಳು ಒಪ್ಪಂದ ಮತ್ತು ಗಡಿ, ಆರ್ಥಿಕತೆ, ಒಳರಾಜಕೀಯ, ಭಾರತ ಎಂದು ಹೆಸರು ಬದಲಿಸಿಕೊಳ್ಳುತ್ತವೆ. ಹೀಗೆ ಮಾಡಿದಾಗ ಪಾಠಪುಸ್ತಕದ ವಿಂಗಡಣೆ ಪಟ್ಟಿಗಳ ರೂಪದಲ್ಲಿ ಉಳಿದುಕೊಳ್ಳುತ್ತದೆ, ಕಾಲದ ಅಂತರ ಮೇಲಿನ ಗೆರೆಯಲ್ಲಿ ಕಾಣಿಸುತ್ತದೆ. ಪಟ್ಟಿಗಳ ಕೆಳಗೆ ಉಳಿದ ಜಾಗವನ್ನು ಕೊನೆಯಲ್ಲಿ ಬರೆಯುವ ಟಿಪ್ಪಣಿಗಳಿಗೆ ಕಾದಿರಿಸಬೇಕು.

ಹಿನ್ನೆಲೆಯ ನಾಲ್ಕು ದಶಕಗಳು

ಮೊದಲ ಖಂಡದ ಆರಂಭದ ಚುಕ್ಕೆ 1871ರ ಜನವರಿ 18. ಫ್ರಾನ್ಸನ್ನು ಸೋಲಿಸುತ್ತಿದ್ದ ಪ್ರಷ್ಯಾದ ನೇತೃತ್ವದಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆಯಾದ ದಿನವದು. ಅದೇ ಯುದ್ಧದ ಕೊನೆಗೆ ಅಲ್ಸೇಸ್ ಮತ್ತು ಲೊರೇನ್ ಪ್ರದೇಶಗಳು ಜರ್ಮನಿಯ ಕೈಸೇರಿದುದರಿಂದ, ಮುಂದೆ ಜರ್ಮನಿ ಯಾರೊಡನೆ ಮೈತ್ರಿ ಮಾಡಿಕೊಂಡರೂ ಫ್ರಾನ್ಸಿನ ಸೇಡು ಅದರ ಲೆಕ್ಕಾಚಾರದೊಳಗೆ ಇದ್ದೇ ಇತ್ತು. ಜರ್ಮನಿಯ ಪ್ರಧಾನಿ ಬಿಸ್ಮಾರ್ಕ್ ಫ್ರಾನ್ಸನ್ನು ಒಂಟಿಯಾಗಿಡುವ ಉದ್ದೇಶದಿಂದ 1879ರಲ್ಲಿ ಆಸ್ಟ್ರಿಯಾ-ಹಂಗೇರಿಯೊಡನೆ ಒಪ್ಪಂದ ಮಾಡಿಕೊಂಡು, 1882ರಲ್ಲಿ ಇಟಲಿಯನ್ನೂ ಸೇರಿಸಿಕೊಂಡು ತ್ರಿರಾಷ್ಟ್ರ ಮೈತ್ರಿಕೂಟವನ್ನು ಕಟ್ಟಿದನು. 1887ರಲ್ಲಿ ರಷ್ಯಾದೊಡನೆಯೂ ಒಂದು ಗುಪ್ತ ಒಪ್ಪಂದ ಮಾಡಿಕೊಂಡನು. 1890ರಲ್ಲಿ ಅವನು ಅಧಿಕಾರದಿಂದ ಇಳಿದ ಮೇಲೆ ಜರ್ಮನಿ ರಷ್ಯಾದೊಡನೆಯ ಆ ಒಪ್ಪಂದವನ್ನು ನವೀಕರಿಸಲಿಲ್ಲ. ಅಲ್ಲಿಂದ ನಾಲ್ಕೇ ವರ್ಷಗಳಲ್ಲಿ, 1894ರಲ್ಲಿ, ಫ್ರಾನ್ಸ್ ಮತ್ತು ರಷ್ಯಾ ಮಿತ್ರರಾದವು. 1904ರಲ್ಲಿ ಬ್ರಿಟನ್ ಫ್ರಾನ್ಸಿನೊಡನೆಯೂ 1907ರಲ್ಲಿ ರಷ್ಯಾದೊಡನೆಯೂ ತನ್ನ ವಸಾಹತು ವಿವಾದಗಳನ್ನು ಬಗೆಹರಿಸಿಕೊಂಡಾಗ ಎದುರಿನ ಕೂಟ ಪೂರ್ಣಗೊಂಡಿತು.

ಇವನ್ನು ಅಳತೆಯ ಪ್ರಕಾರ ಗುರುತಿಸಿದರೆ 1882 ಆರಂಭದಿಂದ 33 ಮಿಲಿಮೀಟರು ದೂರದಲ್ಲಿಯೂ 1907 ಸುಮಾರು 108 ಮಿಲಿಮೀಟರು ದೂರದಲ್ಲಿಯೂ ಬೀಳುತ್ತವೆ. ಎರಡೂ ಕೂಟಗಳ ನಡುವೆ ಏಳೂವರೆ ಸೆಂಟಿಮೀಟರು ತೆರಪು ಬಿದ್ದಾಗ, ಅದರ ಮಧ್ಯದಲ್ಲಿರುವ 1890 ಮತ್ತು 1894ರ ಚುಕ್ಕೆಗಳೇ ಇಡೀ ಪಟ್ಟಿಯ ತಿರುವೆಂಬುದು ಕಣ್ಣಿಗೆ ಹೊಡೆದು ಕಾಣುತ್ತದೆ. 1890ರಿಂದ 1894ಕ್ಕೆ ಬಾಣ ಎಳೆದು ಅದರ ಮೇಲೆ “ಜರ್ಮನಿ ಕೈಬಿಟ್ಟುದರಿಂದ ಒಂಟಿಯಾದ ರಷ್ಯಾ ಫ್ರಾನ್ಸಿನ ಕಡೆ ತಿರುಗಿತು” ಎಂದು ಬರೆಯಬೇಕು. ಬಾಣದ ಮೇಲಿನ ಬರಹ ಯಾವಾಗಲೂ ಹೀಗೆ ಪೂರ್ಣ ವಾಕ್ಯವಾಗಿರಬೇಕು ಮತ್ತು ಅದರಲ್ಲಿ ಯಾರು ಏನು ಮಾಡಿದರೆಂಬ ಕ್ರಿಯಾಪದ ಇರಬೇಕು. “ಕಾರಣವಾಯಿತು” ಎಂದಷ್ಟೇ ಬರೆದ ಬಾಣದಿಂದ ಏನೂ ತಿಳಿಯುವುದಿಲ್ಲ. ಹೇಗೆ ಕಾರಣವಾಯಿತೆಂದು ಬರೆಯಲು ತೋಚದಿದ್ದರೆ ಅಧ್ಯಾಯದ ಆ ಭಾಗ ಇನ್ನೂ ಅರ್ಥವಾಗಿಲ್ಲವೆಂದು ತಿಳಿದು ಪುಸ್ತಕಕ್ಕೆ ಮರಳಬೇಕು.

ರಾಷ್ಟ್ರೀಯತೆಯ ಪಟ್ಟಿಯಲ್ಲಿ 1908ರ ಚುಕ್ಕೆಗೆ ವಿಶೇಷ ಗಮನ ಕೊಡಬೇಕು. ಆ ವರ್ಷ ಆಸ್ಟ್ರಿಯಾ-ಹಂಗೇರಿ ಬೋಸ್ನಿಯಾ ಮತ್ತು ಹರ್ಜೆಗೊವಿನಾಗಳನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಸರ್ಬ್ ಜನರಿದ್ದುದರಿಂದ ನೆರೆಯ ಸರ್ಬಿಯಾ ಕೆರಳಿತು, ಅದರ ಬೆಂಬಲಕ್ಕಿದ್ದ ರಷ್ಯಾ ಮಾತ್ರ ಜರ್ಮನಿಯ ಒತ್ತಡಕ್ಕೆ ಮಣಿದು 1909ರಲ್ಲಿ ಹಿಂದೆ ಸರಿಯಿತು. ಈ ಚುಕ್ಕೆಯಿಂದ ಹೊರಡುವ ಬಾಣ ಅಂಕುಡೊಂಕು ಗುರುತನ್ನು ದಾಟಿ 1914ರ ಜುಲೈವರೆಗೆ ಹೋಗುತ್ತದೆ, ಏಕೆಂದರೆ ಮತ್ತೊಮ್ಮೆ ಅಂಥ ಅವಮಾನವನ್ನು ಸಹಿಸಲಾಗದೆಂಬ ಮನೋಭಾವ ರಷ್ಯಾದ ನಾಯಕರಲ್ಲಿ ಆಗ ಕೆಲಸ ಮಾಡಿತು. 1905 ಮತ್ತು 1911ರ ಮೊರಾಕೊ ಬಿಕ್ಕಟ್ಟುಗಳನ್ನು ವಸಾಹತು ಪಟ್ಟಿಯಲ್ಲಿಯೂ 1912–13ರ ಬಾಲ್ಕನ್ ಯುದ್ಧಗಳನ್ನು ರಾಷ್ಟ್ರೀಯತೆಯ ಪಟ್ಟಿಯಲ್ಲಿಯೂ ಇಟ್ಟ ಮೇಲೆ, ಖಂಡದ ಕೊನೆಯ 3 ಸೆಂಟಿಮೀಟರಿನಲ್ಲಿ, ಅಂದರೆ 1904ರ ನಂತರದ ಹತ್ತು ವರ್ಷಗಳಲ್ಲಿ, ಚುಕ್ಕೆಗಳು ಹೇಗೆ ದಟ್ಟವಾಗುತ್ತವೆಂಬುದು ತಾನಾಗಿ ಕಾಣುತ್ತದೆ.

ಮೂವತ್ತೇಳು ದಿನಗಳು

1914ರ ಜೂನ್ 28ರಂದು ಬೋಸ್ನಿಯಾದ ಸಾರಯೇವೊ ನಗರದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಮತ್ತು ಅವನ ಪತ್ನಿ ಸೋಫಿಯಾಳನ್ನು ಗಾವ್ರಿಲೊ ಪ್ರಿನ್ಸಿಪ್ ಎಂಬ ಬೋಸ್ನಿಯಾದ ಸರ್ಬ್ ಯುವಕ ಗುಂಡಿಟ್ಟು ಕೊಂದುದನ್ನು ಪುಸ್ತಕಗಳು ತಕ್ಷಣದ ಕಾರಣವೆಂದು ಕರೆಯುತ್ತವೆ. ತಕ್ಷಣದ ಕಾರಣವೆಂದರೆ ಮೊದಲೇ ಸಿದ್ಧವಾಗಿದ್ದ ಪರಿಸ್ಥಿತಿಯನ್ನು ಯುದ್ಧವಾಗಿ ಮಾರ್ಪಡಿಸಿದ ಘಟನೆ. ಈ ಹತ್ಯೆಯಿಂದ ಯುದ್ಧಕ್ಕೆ ಒಂದೇ ನೇರ ಬಾಣ ಎಳೆದುಬಿಡುವುದು ವಿದ್ಯಾರ್ಥಿಗಳ ಹಾಳೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ. ದಿನದ ಅಳತೆಯಲ್ಲಿ ಈ ಖಂಡವನ್ನು ಎಳೆದ ಕೂಡಲೇ ಆ ಬಾಣ ಸಾಲದೆಂಬುದು ಗೊತ್ತಾಗುತ್ತದೆ, ಏಕೆಂದರೆ ಹತ್ಯೆಗೂ ಜುಲೈ 23ರಂದು ಆಸ್ಟ್ರಿಯಾ-ಹಂಗೇರಿ ಸರ್ಬಿಯಾಕ್ಕೆ ಕೊಟ್ಟ ಅಂತಿಮ ಎಚ್ಚರಿಕೆಗೂ ನಡುವೆ 5 ಸೆಂಟಿಮೀಟರು ಬಹುಪಾಲು ಖಾಲಿಯಾಗಿದ್ದು, ಉಳಿದ ಚುಕ್ಕೆಗಳೆಲ್ಲ ಕೊನೆಯ 24 ಮಿಲಿಮೀಟರಿನಲ್ಲಿ ಒತ್ತೊತ್ತಾಗಿ ಬೀಳುತ್ತವೆ.

ಖಾಲಿ ಜಾಗದೊಳಗಿರುವ ಒಂದೇ ಮುಖ್ಯ ಚುಕ್ಕೆ ಜುಲೈ 5 ಮತ್ತು 6ರದು. ಆ ದಿನಗಳಲ್ಲಿ ಜರ್ಮನಿ ಆಸ್ಟ್ರಿಯಾ-ಹಂಗೇರಿಗೆ ಷರತ್ತಿಲ್ಲದ ಬೆಂಬಲದ ಭರವಸೆ ಕೊಟ್ಟಿತು. ಸರ್ಬಿಯಾದೊಡನೆ ಕಠಿಣವಾಗಿ ವರ್ತಿಸುವ ಧೈರ್ಯ ಆಸ್ಟ್ರಿಯಾಕ್ಕೆ ಇದರಿಂದ ಬಂದಿತು. 48 ಗಂಟೆಗಳ ಗಡುವಿನ ಎಚ್ಚರಿಕೆಗೆ ಸರ್ಬಿಯಾ ಜುಲೈ 25ರಂದು ಬಹುಪಾಲು ಒಪ್ಪಿ, ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ತನಿಖೆಯಲ್ಲಿ ಭಾಗವಹಿಸಬೇಕೆಂಬ ಬೇಡಿಕೆಯನ್ನು ನಿರಾಕರಿಸಿತು. ಜುಲೈ 28ರಂದು ಆಸ್ಟ್ರಿಯಾ ಯುದ್ಧ ಸಾರಿತು. ಜುಲೈ 30ರಂದು ರಷ್ಯಾ ತನ್ನ ಇಡೀ ಸೈನ್ಯವನ್ನು ಯುದ್ಧಕ್ಕೆ ಸಜ್ಜುಗೊಳಿಸುವ ಆಜ್ಞೆ ಹೊರಡಿಸಿತು. ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆಯೂ 3ರಂದು ಫ್ರಾನ್ಸಿನ ಮೇಲೆಯೂ ಯುದ್ಧ ಸಾರಿ, 4ರಂದು ಬೆಲ್ಜಿಯಮ್ಮಿನೊಳಗೆ ನುಗ್ಗಿತು, ಅದೇ ದಿನ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು.

ರಷ್ಯಾದೊಡನೆ ಎದ್ದ ಜಗಳಕ್ಕೆ ಜರ್ಮನಿ ಮೂರೇ ದಿನಗಳಲ್ಲಿ ಪಶ್ಚಿಮದ ಬೆಲ್ಜಿಯಮ್ಮಿಗೆ ಏಕೆ ಹೋಯಿತೆಂಬುದು ಈ ಭಾಗದಲ್ಲಿ ಏಳುವ ಅತ್ಯಂತ ಸಹಜವಾದ ಪ್ರಶ್ನೆ, ಅದರ ಉತ್ತರವೇ ಬಾಣದ ಮೇಲಿನ ವಾಕ್ಯ. ರಷ್ಯಾದ ವಿಶಾಲವಾದ ಸೈನ್ಯ ಪೂರ್ತಿ ಸಜ್ಜಾಗುವ ಮೊದಲೇ ಬೆಲ್ಜಿಯಮ್ಮಿನ ಮೂಲಕ ಸಾಗಿ ಫ್ರಾನ್ಸನ್ನು ಸೋಲಿಸಿ, ಆಮೇಲೆ ಪೂರ್ವಕ್ಕೆ ತಿರುಗಬೇಕೆಂಬ ಸೈನಿಕ ಯೋಜನೆಯನ್ನು ಜರ್ಮನಿ ಮೊದಲೇ ರೂಪಿಸಿಕೊಂಡಿತ್ತು. ಅದನ್ನು ಶ್ಲೀಫೆನ್ ಯೋಜನೆ ಎಂದು ಕರೆಯಲಾಗುತ್ತದೆ. ಬ್ರಿಟನ್ನಿನ ಪ್ರವೇಶಕ್ಕೆ ಹೊರಡುವ ಬಾಣವೂ ಹೀಗೆಯೇ ಎಚ್ಚರ ಬೇಡುತ್ತದೆ. 1904 ಮತ್ತು 1907ರ ಒಪ್ಪಂದಗಳು ಬ್ರಿಟನ್ನನ್ನು ಯುದ್ಧಕ್ಕಿಳಿಯಲು ಕಟ್ಟುಹಾಕಿರಲಿಲ್ಲ, ಬೆಲ್ಜಿಯಮ್ಮಿನ ತಾಟಸ್ಥ್ಯವನ್ನು ಕಾಪಾಡುವ ಮಾತನ್ನು ಅದು ಕೊಟ್ಟಿದ್ದುದು 1839ರ ಲಂಡನ್ ಒಪ್ಪಂದದಲ್ಲಿ. ಆ ಇಸವಿ ಕಾಲರೇಖೆಯ ಆರಂಭಕ್ಕಿಂತ ಹಿಂದಿರುವುದರಿಂದ ಎಡ ಅಂಚಿನಲ್ಲಿ ಅದಕ್ಕೊಂದು ಚೌಕ ಮಾಡಿ ಅಲ್ಲಿಂದ ಆಗಸ್ಟ್ 4ಕ್ಕೆ ಉದ್ದನೆಯ ಬಾಣ ಎಳೆಯಬೇಕು. ಫ್ರಾನ್ಸ್ ಸೋತರೆ ಯೂರೋಪಿನಲ್ಲಿ ಜರ್ಮನಿಯ ಕೈ ಮೇಲಾಗುವುದೆಂಬ ಬ್ರಿಟನ್ನಿನ ಆತಂಕವನ್ನು ನೌಕಾ ಪೈಪೋಟಿಯ ಪಟ್ಟೆಯಿಂದ ಬರುವ ಎರಡನೆಯ ಬಾಣದ ಮೇಲೆ ಬರೆಯಬಹುದು.

ಯುದ್ಧದ ಅವಧಿ

ಮೂರನೆಯ ಖಂಡ ಚಿಕ್ಕದಾಗಿರುವುದು ಉದ್ದೇಶಪೂರ್ವಕ. ಇಲ್ಲಿ ಪರಿಣಾಮಗಳ ಸ್ವರೂಪವನ್ನು ಬದಲಿಸಿದ ತಿರುವುಗಳು ಮಾತ್ರ ಬರಬೇಕು. ಇಟಲಿ ಮೈತ್ರಿಕೂಟದ ಸದಸ್ಯನಾಗಿದ್ದರೂ 1914ರಲ್ಲಿ ತಟಸ್ಥವಾಗಿ ಉಳಿದು 1915ರ ಮೇ ತಿಂಗಳಲ್ಲಿ ಆಸ್ಟ್ರಿಯಾದ ವಿರುದ್ಧವೇ ಯುದ್ಧಕ್ಕಿಳಿದುದು, ಮೈತ್ರಿಕೂಟಗಳು ದೇಶಗಳನ್ನು ತಾವಾಗಿಯೇ ಯುದ್ಧಕ್ಕೆ ಎಳೆದವೆಂಬ ಸರಳ ಮಾತನ್ನು ತಿದ್ದುತ್ತದೆ. 1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧ ಸೇರಿದುದು, ಅದೇ ವರ್ಷ ರಷ್ಯಾದಲ್ಲಿ ನಡೆದ ಎರಡು ಕ್ರಾಂತಿಗಳು, 1918ರ ಮಾರ್ಚ್ 3ರ ಬ್ರೆಸ್ಟ್-ಲಿಟೋವ್ಸ್ಕ್ ಒಪ್ಪಂದದಿಂದ ರಷ್ಯಾ ಯುದ್ಧದಿಂದ ಹೊರಬಂದುದು ಮತ್ತು ನವೆಂಬರ್ 11ರ ಕದನವಿರಾಮ ಉಳಿದ ಚುಕ್ಕೆಗಳು.

ರಷ್ಯಾದ ಕ್ರಾಂತಿಗಳ ದಿನಾಂಕಗಳಲ್ಲಿ ಗೊಂದಲವಾಗುವ ಸಂಭವ ಹೆಚ್ಚು. ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಜೂಲಿಯನ್ ಪಂಚಾಂಗ ಇಂದಿನ ಪಂಚಾಂಗಕ್ಕಿಂತ 13 ದಿನ ಹಿಂದಿದ್ದುದರಿಂದ, ಫೆಬ್ರವರಿ ಕ್ರಾಂತಿ ಎಂಬ ಹೆಸರಿನದು ಮಾರ್ಚಿನಲ್ಲಿಯೂ ಅಕ್ಟೋಬರ್ ಕ್ರಾಂತಿ ಎಂಬುದು ನವೆಂಬರ್ 7ರಂದೂ ಬೀಳುತ್ತದೆ. ಹೆಸರನ್ನು ಹಾಗೆಯೇ ಉಳಿಸಿ, ಚುಕ್ಕೆಯನ್ನು ಮಾತ್ರ ಹೊಸ ಪಂಚಾಂಗದ ಪ್ರಕಾರ ಇಡಬೇಕು.

ಪರಿಣಾಮಗಳು: ಎಷ್ಟು ಬೇಗ, ಎಷ್ಟು ತಡವಾಗಿ

ಪರಿಣಾಮಗಳ ಖಂಡದಲ್ಲಿ ಮೊದಲ ಮುಖ್ಯ ಚುಕ್ಕೆ 1919ರ ಜೂನ್ 28ರ ವರ್ಸೇಲ್ಸ್ ಒಪ್ಪಂದ. ಅದರ ಪ್ರಕಾರ ಅಲ್ಸೇಸ್ ಮತ್ತು ಲೊರೇನ್ ಫ್ರಾನ್ಸಿಗೆ ಮರಳಿದುದರಿಂದ, ಆರಂಭದ 1871ರ ಚುಕ್ಕೆಯಿಂದ ಹಾಳೆಯನ್ನು ಅಡ್ಡಹಾಯುವ ಒಂದು ಬಾಣ ಇಲ್ಲಿಗೆ ಬರುತ್ತದೆ. ಜರ್ಮನಿಯ ಸೈನ್ಯವನ್ನು ಒಂದು ಲಕ್ಷಕ್ಕೆ ಮಿತಿಗೊಳಿಸಲಾಯಿತು, 231ನೆಯ ವಿಧಿಯಲ್ಲಿ ಯುದ್ಧದ ನಷ್ಟಕ್ಕೆ ಜರ್ಮನಿ ಮತ್ತು ಅದರ ಮಿತ್ರದೇಶಗಳನ್ನು ಹೊಣೆಯಾಗಿಸಲಾಯಿತು. ಈ ಹೊಣೆಯ ಆಧಾರದ ಮೇಲೆ 1921ರಲ್ಲಿ ಜರ್ಮನಿ ಕೊಡಬೇಕಾದ ಯುದ್ಧ ಪರಿಹಾರವನ್ನು 13,200 ಕೋಟಿ ಚಿನ್ನದ ಮಾರ್ಕುಗಳೆಂದು ನಿಗದಿಪಡಿಸಿದರು. ಒಪ್ಪಂದ ಮತ್ತು ಮೊತ್ತ ಒಂದೇ ದಿನ ತೀರ್ಮಾನವಾದವೆಂದು ಬರೆಯುವುದು ತಪ್ಪು, ಅವುಗಳ ನಡುವೆ ಸುಮಾರು ಎರಡು ವರ್ಷಗಳ ಅಂತರವಿದೆ. 1920ರ ಜನವರಿ 10ರಂದು ರಾಷ್ಟ್ರಸಂಘ ಅಸ್ತಿತ್ವಕ್ಕೆ ಬಂದುದನ್ನು ಒಪ್ಪಂದದ ಪಟ್ಟಿಯಲ್ಲಿಯೇ ಇಡಬೇಕು.

ಆರ್ಥಿಕತೆಯ ಪಟ್ಟಿಯಲ್ಲಿ 1923 ತಾನಾಗಿಯೇ ಒಂದು ಪುಟ್ಟ ಸರಪಣಿಯಾಗುತ್ತದೆ. ಪರಿಹಾರದ ಕಂತುಗಳು ಬಾಕಿಯಾದವೆಂದು ಆ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಮ್ ಸೈನ್ಯಗಳು ಜರ್ಮನಿಯ ಕೈಗಾರಿಕಾ ಪ್ರದೇಶವಾದ ರೂರ್ ಕಣಿವೆಯನ್ನು ವಶಪಡಿಸಿಕೊಂಡವು. ಅದನ್ನು ಪ್ರತಿಭಟಿಸಿ ಕೆಲಸ ನಿಲ್ಲಿಸಿದ ಕಾರ್ಮಿಕರಿಗೆ ಸರಕಾರ ನೋಟು ಮುದ್ರಿಸಿ ಹಣ ಕೊಟ್ಟಿತು. ಮೊದಲೇ ಕುಸಿಯುತ್ತಿದ್ದ ಮಾರ್ಕ್ ಇದರಿಂದ ನೆಲಕಚ್ಚಿ, ಯುದ್ಧಕ್ಕೆ ಮೊದಲು ಸುಮಾರು 4.2 ಮಾರ್ಕಿಗೆ ಸಿಗುತ್ತಿದ್ದ ಒಂದು ಅಮೆರಿಕನ್ ಡಾಲರಿಗೆ ನವೆಂಬರಿನ ವೇಳೆಗೆ 4.2 ಲಕ್ಷ ಕೋಟಿ ಮಾರ್ಕು ಬೇಕಾಯಿತು.

ಇಲ್ಲಿಂದ ಮುಂದೆ ಬಹುತೇಕ ಹಾಳೆಗಳು ವರ್ಸೇಲ್ಸಿನಿಂದ ಹಿಟ್ಲರನಿಗೆ ಒಂದೇ ಬಾಣ ಎಳೆಯುತ್ತವೆ. ಒಪ್ಪಂದದ ಅವಮಾನ ನಾಜಿ ಪಕ್ಷದ ಪ್ರಚಾರಕ್ಕೆ ಬಲ ಕೊಟ್ಟುದು ನಿಜವಾದರೂ, ಒಪ್ಪಂದದ ಚುಕ್ಕೆಗೂ ಹಿಟ್ಲರ್ ಜರ್ಮನಿಯ ಪ್ರಧಾನಿಯಾದ 1933ರ ಜನವರಿ 30ರ ಚುಕ್ಕೆಗೂ ನಡುವೆ ಅಳತೆಯಲ್ಲಿ ಸುಮಾರು 68 ಮಿಲಿಮೀಟರು ಇದೆ. ಆ ಅಂತರವನ್ನು ಏನು ತುಂಬಿತೆಂದು ಕೇಳಿದಾಗಲೇ ಉತ್ತರ ಸರಿಯಾಗುತ್ತದೆ. ಹೊಸ ನಾಣ್ಯ ಮತ್ತು 1924ರ ಡಾಸ್ ಯೋಜನೆಯ ಅಡಿಯಲ್ಲಿ ಬಂದ ಅಮೆರಿಕನ್ ಸಾಲದಿಂದ ಜರ್ಮನಿ ಸ್ವಲ್ಪ ಚೇತರಿಸಿಕೊಂಡಿತ್ತು, 1928ರ ಮೇ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇಕಡ 2.6 ಮತಗಳು ಮಾತ್ರ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು, ಅಮೆರಿಕನ್ ಸಾಲ ನಿಂತು, ನಿರುದ್ಯೋಗ ಏರಿದ ಮೇಲೆ ಅದೇ ಪಕ್ಷ 1930ರ ಸೆಪ್ಟೆಂಬರಿನಲ್ಲಿ ಶೇಕಡ 18.3 ಮತ್ತು 1932ರ ಜುಲೈಯಲ್ಲಿ ಶೇಕಡ 37.3 ಮತ ಪಡೆಯಿತು. ಹಾಗಾಗಿ ಹಾಳೆಯಲ್ಲಿ 1933ಕ್ಕೆ ಎರಡು ಬಾಣಗಳು ಬರಬೇಕು. ವರ್ಸೇಲ್ಸಿನಿಂದ ಬರುವುದರ ಮೇಲೆ “ಸೋಲಿನ ಅವಮಾನ ಪ್ರಚಾರಕ್ಕೆ ವಸ್ತುವನ್ನು ಒದಗಿಸಿತು” ಎಂದೂ 1929ರಿಂದ ಬರುವುದರ ಮೇಲೆ “ಆರ್ಥಿಕ ಕುಸಿತ ಆ ಪ್ರಚಾರಕ್ಕೆ ಮತದಾರರನ್ನು ತಂದುಕೊಟ್ಟಿತು” ಎಂದೂ ಬರೆಯಬೇಕು.

ಭಾರತದ ಪಟ್ಟಿ

ಈ ಯುದ್ಧದಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಭಾರತೀಯರು ಸಾಗರದಾಚೆ ಸೇವೆ ಸಲ್ಲಿಸಿದುದರಿಂದ ಭಾರತದ ಪಟ್ಟಿ ಯುದ್ಧದ ಖಂಡದಲ್ಲಿಯೇ ಆರಂಭವಾಗಬೇಕು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳ ಜೋಧಪುರದ ದಳದೊಡನೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರ ಸೈನ್ಯದಿಂದ ಗೆದ್ದುಕೊಂಡುದು ಕರ್ನಾಟಕದ ಓದುಗರಿಗೆ ಇಲ್ಲಿ ಸಹಜವಾದ ಚುಕ್ಕೆ. 1917ರ ಆಗಸ್ಟ್ 20ರಂದು ಭಾರತ ಸಚಿವ ಮಾಂಟೆಗು ಜವಾಬ್ದಾರಿ ಸರಕಾರವನ್ನು ಹಂತಹಂತವಾಗಿ ಕೊಡುವ ಮಾತಾಡಿದುದು, 1919ರ ಮಾರ್ಚಿನಲ್ಲಿ ವಿಚಾರಣೆಯಿಲ್ಲದೆ ಬಂಧಿಸಿಡುವ ಅಧಿಕಾರ ಕೊಟ್ಟ ರೌಲಟ್ ಕಾಯಿದೆ ಬಂದುದು, ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ನಡೆದುದು ಈ ಪಟ್ಟಿಯ ಸಾಲಿನಲ್ಲಿ ಬರುತ್ತವೆ. ಯುದ್ಧಕಾಲದ ಭರವಸೆ ಮತ್ತು ಯುದ್ಧಾನಂತರದ ದಮನ ಎರಡೂ ಬೆರಳಗಲದ ಅಂತರದಲ್ಲಿ ಬೀಳುವುದರಿಂದ ಅಸಹಕಾರ ಚಳವಳಿಯ ಹಿಂದಿನ ಆಕ್ರೋಶ ಅರ್ಥವಾಗುತ್ತದೆ.

ಬಾಣಗಳ ದಿಕ್ಕನ್ನು ಪರಿಶೀಲಿಸುವುದು ಎಷ್ಟು ಉಪಯುಕ್ತವೆಂಬುದಕ್ಕೆ ಈ ಪಟ್ಟಿಯಲ್ಲಿಯೇ ಒಂದು ಉದಾಹರಣೆಯಿದೆ. ತುರ್ಕಿಯ ಸುಲ್ತಾನನೇ ಖಲೀಫನಾಗಿದ್ದುದರಿಂದ ಅವನ ಸಾಮ್ರಾಜ್ಯವನ್ನು ಒಡೆದ ಸೇವ್ರ್ ಒಪ್ಪಂದ ಖಿಲಾಫತ್ ಹೋರಾಟವನ್ನು ತೀವ್ರಗೊಳಿಸಿ ಅಸಹಕಾರ ಚಳವಳಿಗೆ ಕಾರಣವಾಯಿತೆಂದು ಓದಿದ ವಿದ್ಯಾರ್ಥಿ, ಒಪ್ಪಂದದಿಂದ ಚಳವಳಿಗೆ ಬಾಣ ಎಳೆಯುತ್ತಾನೆ. ಒಪ್ಪಂದಕ್ಕೆ ಸಹಿ ಬಿದ್ದುದು 1920ರ ಆಗಸ್ಟ್ 10ರಂದು, ಚಳವಳಿ ಆರಂಭವಾದುದು ಆಗಸ್ಟ್ 1ರಂದು. ಬಾಣ ಹಿಂದಕ್ಕೆ ಹೋಗುವುದರಿಂದ ಎಲ್ಲೋ ಒಂದು ಕೊಂಡಿ ತಪ್ಪಿದೆಯೆಂಬುದು ಖಚಿತ. ಹುಡುಕಿದರೆ, ಒಪ್ಪಂದದ ಷರತ್ತುಗಳು ಮೇ ತಿಂಗಳಲ್ಲಿಯೇ ಬಹಿರಂಗವಾಗಿದ್ದವೆಂಬುದೂ ಹೋರಾಟ ತೀವ್ರಗೊಂಡುದು ಆ ಷರತ್ತುಗಳಿಂದಲೆಂಬುದೂ ತಿಳಿಯುತ್ತದೆ. ಮೇ 1920ಕ್ಕೆ ಹೊಸ ಚುಕ್ಕೆ ಇಟ್ಟರೆ ಬಾಣ ಸರಿಯಾಗುತ್ತದೆ.

ಪರೀಕ್ಷಿಸುವುದು ಮತ್ತು ಬಳಸುವುದು

ಹಾಳೆ ಪೂರ್ತಿಯಾದ ಮೇಲೆ ಪ್ರತಿ ಬಾಣಕ್ಕೂ ಒಂದು ಪ್ರಶ್ನೆ ಕೇಳಬೇಕು: ಹಿಂದಿನ ಘಟನೆ ನಡೆಯದಿದ್ದರೆ ಮುಂದಿನದು ಅದೇ ಸಮಯದಲ್ಲಿ ಅದೇ ರೀತಿಯಲ್ಲಿ ನಡೆಯುತ್ತಿತ್ತೇ? ನಡೆಯುತ್ತಿತ್ತೆಂದು ತೋರಿದರೆ ಅದು ಬರಿಯ ಹಿಂದುಮುಂದಿನ ಸಂಬಂಧ, ಬಾಣವನ್ನು ಅಳಿಸಬೇಕು. ಖಚಿತವಾಗಿ ಹೇಳಲಾಗದಿದ್ದರೆ ಬಾಣವನ್ನು ಚುಕ್ಕೆಗೆರೆಯಾಗಿ ಮಾರ್ಪಡಿಸಬೇಕು. ಇಂಥ ಚುಕ್ಕೆಗೆರೆಗಳು ಹಾಳೆಯ ದೋಷವಲ್ಲ, ಇತಿಹಾಸಕಾರರ ಭಿನ್ನಾಭಿಪ್ರಾಯವೂ ಬಹುಮಟ್ಟಿಗೆ ಅಲ್ಲಿಯೇ ಇದೆ. ಜರ್ಮನ್ ಇತಿಹಾಸಕಾರ ಫ್ರಿಟ್ಸ್ ಫಿಷರ್ 1961ರ ತನ್ನ ಗ್ರಂಥದಲ್ಲಿ ಜರ್ಮನಿಯ ವಿಸ್ತರಣೆಯ ಗುರಿಗಳಿಗೆ ಹೆಚ್ಚು ಹೊಣೆ ಹೊರಿಸಿದರೆ, 2012ರಲ್ಲಿ ಕ್ರಿಸ್ಟೊಫರ್ ಕ್ಲಾರ್ಕ್ ಹಲವು ರಾಜಧಾನಿಗಳಲ್ಲಿ ತೆಗೆದುಕೊಂಡ ನಿರ್ಧಾರಗಳು ಒಟ್ಟಾಗಿ ಯುದ್ಧವನ್ನು ತಂದುದನ್ನು ವಿವರಿಸಿದನು. ಜುಲೈ 5ರ ಬಾಣಕ್ಕೆ ಹೆಚ್ಚು ಭಾರವೋ ಜುಲೈ 30ರ ಬಾಣಕ್ಕೋ ಎಂಬ ಪ್ರಶ್ನೆಯನ್ನು ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಬರೆದಿಟ್ಟುಕೊಂಡರೆ, ಉನ್ನತ ತರಗತಿಯ ಓದಿಗೆ ಅದು ಆರಂಭವಾಗುತ್ತದೆ.

ಅಭ್ಯಾಸಕ್ಕೆ ಹಾಳೆಯನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಒಂದು ಪಟ್ಟಿಯನ್ನು ಕಾಗದದಿಂದ ಮುಚ್ಚಿ, ಬೇರೆ ಹಾಳೆಯಲ್ಲಿ ಆ ಪಟ್ಟಿಯ ಬಾಣದ ವಾಕ್ಯಗಳನ್ನು ನೆನಪಿನಿಂದ ಬರೆದು, ಮುಚ್ಚಿದ್ದನ್ನು ತೆರೆದು ಹೋಲಿಸುವುದು ಹೆಚ್ಚು ಫಲಕಾರಿ. ದಿನಾಂಕ ಸರಿಯಿದ್ದು ವಾಕ್ಯ ತಪ್ಪಿದರೆ ಆ ಭಾಗವನ್ನು ಪುಸ್ತಕದಲ್ಲಿ ಮತ್ತೆ ಓದಬೇಕು. ವಾಕ್ಯ ಸರಿಯಿದ್ದು ದಿನಾಂಕ ಸ್ವಲ್ಪ ತಪ್ಪಿದರೆ ಹಾಳೆಯಲ್ಲಿ ಅಂತರವನ್ನು ಒಮ್ಮೆ ನೋಡಿದರೆ ಸಾಕು.

ಪರೀಕ್ಷೆಯ ಉತ್ತರವನ್ನೂ ಇದೇ ಹಾಳೆಯಿಂದ ಬರೆಯಬಹುದು. ಸರ್ಬಿಯಾ ಮತ್ತು ಆಸ್ಟ್ರಿಯಾಗಳ ಜಗಳ ಯೂರೋಪಿನ ಯುದ್ಧವಾದುದು ಹೇಗೆಂದು ಕೇಳಿದಾಗ, 1908ರ ಬಾಣದಿಂದ ರಷ್ಯಾ ಏಕೆ ಹಿಂದೆ ಸರಿಯಲಿಲ್ಲವೆಂಬ ಮಾತನ್ನೂ, ಜುಲೈ 5ರ ಬಾಣದಿಂದ ಆಸ್ಟ್ರಿಯಾ ಏಕೆ ಧೈರ್ಯಗೊಂಡಿತೆಂಬ ಮಾತನ್ನೂ, ಶ್ಲೀಫೆನ್ ಯೋಜನೆಯ ಬಾಣದಿಂದ ಪೂರ್ವದ ಜಗಳ ಪಶ್ಚಿಮಕ್ಕೆ ಹರಡಿದ ಬಗೆಯನ್ನೂ, 1839ರ ಬಾಣದಿಂದ ಬ್ರಿಟನ್ ಬಂದ ದಾರಿಯನ್ನೂ ತೆಗೆದುಕೊಂಡು ನಾಲ್ಕು ವಾಕ್ಯವೃಂದಗಳನ್ನು ಬರೆದರೆ ಉತ್ತರ ಪೂರ್ಣವಾಗುತ್ತದೆ, ಮತ್ತು ಪ್ರತಿ ವಾಕ್ಯವೃಂದದ ಮೊದಲ ಸಾಲು ಬಾಣದ ಮೇಲೆ ಬರೆದ ವಾಕ್ಯವೇ ಆಗಿರುತ್ತದೆ.